ಎಂಬತ್ತು ನಿಮಿಷದ ವೆಬಿನಾರ್, ಬರದವರಿಗೆ ಮೂರು ಪುಟ

ಪ್ರಶ್ನೆ: ನಾನು ಐದು ವರ್ಷದ ಕಾನೂನು ಪದವಿಯ ಮೂರನೇ ವರ್ಷದಲ್ಲಿದ್ದೇನೆ. ಸಂವಿಧಾನದ ಮೂಲ ಸಂರಚನೆಯ ಬಗ್ಗೆ ನಮಗೊಂದು ವೆಬಿನಾರ್ ಇತ್ತು, 82 ನಿಮಿಷ. ತರಗತಿಯ ಅರ್ಧ ಜನಕ್ಕೆ ಬರಲಾಗಲಿಲ್ಲ. ನೋಟ್ಸ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಮೊದಲು 14 ಪುಟ ಬರೆದೆ, ಯಾರೂ ಓದಲಿಲ್ಲ. ಅದನ್ನೇ ಒಂದು ಪುಟಕ್ಕೆ ಇಳಿಸಿದೆ, ಓದಿದವರಿಗೆ ಅರ್ಥವಾಗಲಿಲ್ಲ. ಕ್ಯಾಪ್ಷನ್ ಫೈಲನ್ನೇ ಕಳಿಸಿಬಿಡು ಎಂದು ಕೆಲವರು ಹೇಳುತ್ತಿದ್ದಾರೆ. ಚಿಕ್ಕದಾಗಿರಬೇಕು, ಏನೂ ಬಿಟ್ಟುಹೋಗಲೂಬಾರದು, ಇದು ಆಗುವ ಕೆಲಸವೇ? ರೆಕಾರ್ಡಿಂಗಿನ ಲಿಂಕ್, ಎರಡು ಆವೃತ್ತಿಯ ನೋಟ್ಸ್ ಜೊತೆಗಿಟ್ಟಿದ್ದೇನೆ.

ಉತ್ತರ: ಎರಡೂ ಆವೃತ್ತಿ ಓದಿದೆ. ನೀವು ಇದನ್ನು ಉದ್ದದ ಸಮಸ್ಯೆ ಎಂದುಕೊಂಡಿದ್ದೀರಿ. ನನಗೆ ಕಾಣುವುದು ಬೇರೆ. 14 ಪುಟದಲ್ಲಿ ಮೇಷ್ಟ್ರ ಮಾತು ಪೂರ್ತಿ ಉಳಿದಿದೆ, ಆದರೆ ವಾದ ಆ ಮಾತಿನೊಳಗೆ ಹೂತುಹೋಗಿದೆ. ಒಂದು ಪುಟದಲ್ಲಿ ಮಾತಿನ ಜೊತೆ ವಾದವೂ ಹೋಗಿದೆ, ಹೆಸರು ಮತ್ತು ಇಸವಿ ಮಾತ್ರ ಉಳಿದಿವೆ. ಮಾತು ಕತ್ತರಿಸಿ ವಾದ ಉಳಿಸಿಕೊಂಡರೆ ಈ ಉಪನ್ಯಾಸ ಸಹಜವಾಗಿ ಎರಡೂವರೆ ಮೂರು ಪುಟಕ್ಕೆ ಬಂದು ನಿಲ್ಲುತ್ತದೆ.

ನಿಮ್ಮ ಒಂದು ಪುಟದಲ್ಲಿ ಹೀಗಿದೆ: “ಶಂಕರಿ ಪ್ರಸಾದ್ 1951, ಸಜ್ಜನ್ ಸಿಂಗ್ 1965, ಗೋಲಕ್‌ನಾಥ್ 1967 (6:5), 24ನೇ ತಿದ್ದುಪಡಿ, ಕೇಶವಾನಂದ 1973 (7:6).” ಇದರಲ್ಲಿ ಒಂದು ತಪ್ಪೂ ಇಲ್ಲ. ನಿಮಗೆ ಇಷ್ಟು ಸಾಕು ಕೂಡ, ಏಕೆಂದರೆ ಈ ಸಾಲು ನೋಡಿದ ಕೂಡಲೇ ಅಂದು ಕೇಳಿದ್ದು ನೆನಪಿಗೆ ಬರುತ್ತದೆ. ತರಗತಿಗೆ ಬರದವರಿಗೆ ಆ ನೆನಪೇ ಇಲ್ಲ. ಈ ಐದೂ ಕಾದಾಡಿದ್ದು ಯಾವುದರ ಮೇಲೆ ಎಂಬುದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ತನಗಾಗಿ ಮಾಡಿಕೊಳ್ಳುವ ಟಿಪ್ಪಣಿಗೂ ಇನ್ನೊಬ್ಬರಿಗಾಗಿ ಮಾಡುವ ನೋಟ್ಸಿಗೂ ಇರುವ ವ್ಯತ್ಯಾಸ ಇಷ್ಟೇ. ಎರಡನೆಯದರಲ್ಲಿ ಒಂದು ಅಂಶದಿಂದ ಮುಂದಿನದಕ್ಕೆ ಹೋದದ್ದು ಯಾಕೆ ಎಂಬುದು ಕಾಗದದ ಮೇಲೇ ಇರಬೇಕು.

ಕ್ಯಾಪ್ಷನ್ ಫೈಲಿನ ಮಾತು ಮೊದಲು ಮುಗಿಸಿಬಿಡೋಣ. ಯೂಟ್ಯೂಬಿನಲ್ಲಿ ವಿಡಿಯೊದ ವಿವರಣೆಯ ಕೆಳಗೆ “Show transcript” ಒತ್ತಿದರೆ ಸಮಯದ ಸಮೇತ ಇಡೀ ಪಠ್ಯ ಸಿಗುತ್ತದೆ. ಜೂಮ್ ಕ್ಲೌಡ್ ರೆಕಾರ್ಡಿಂಗಿನಲ್ಲಿ ಆಯೋಜಕರು ಆ ಸೌಲಭ್ಯ ಆನ್ ಮಾಡಿದ್ದರೆ `.vtt` ಫೈಲು ಇರುತ್ತದೆ. ಹುಡುಕುವುದಕ್ಕೆ ಇವು ಬಲು ಉಪಯುಕ್ತ, ಓದುವುದಕ್ಕೆ ಅಲ್ಲ. ಕನ್ನಡದಲ್ಲಿ ಶುರುವಾಗಿ ಇಂಗ್ಲಿಷಿನಲ್ಲಿ ಮುಗಿಯುವ ನಮ್ಮ ತರಗತಿಯ ವಾಕ್ಯಗಳು ಯಂತ್ರಕ್ಕೆ ಸಿಗುವುದಿಲ್ಲ. ಸಾಮಾನ್ಯ ಪದ ತಪ್ಪಿದರೆ ಓದುವವರಿಗೆ ಗೊತ್ತಾಗುತ್ತದೆ. ಸಂಖ್ಯೆ, ಅಕ್ಷರ ತಪ್ಪಿದರೆ ಗೊತ್ತಾಗುವುದಿಲ್ಲ, ಅಪಾಯ ಅಲ್ಲಿದೆ. ನಿಮ್ಮ ಕ್ಯಾಪ್ಷನ್ನಿನಲ್ಲಿ ಗೋಲಕ್‌ನಾಥ್ “ಗೋಲ್ಡ್ ನಾಟ್” ಆಗಿದೆ, ನಕ್ಕು ತಿದ್ದಿಕೊಳ್ಳಬಹುದು. ಆದರೆ ಮೇಷ್ಟ್ರು 31ಬಿ ಎಂದದ್ದು ಎರಡು ಕಡೆ 31ಡಿ ಆಗಿದೆ. 31ಬಿ ಒಂಬತ್ತನೇ ಅನುಸೂಚಿಗೆ ರಕ್ಷಣೆ ಕೊಡುವ ವಿಧಿ. 31ಡಿ 42ನೇ ತಿದ್ದುಪಡಿಯಲ್ಲಿ ಬಂದು 43ನೆಯದರಲ್ಲಿ ತೆಗೆದುಹಾಕಲ್ಪಟ್ಟ, ರಾಷ್ಟ್ರವಿರೋಧಿ ಚಟುವಟಿಕೆಗಳ ಕುರಿತ ಬೇರೆಯೇ ವಿಧಿ. ಎರಡೂ ಒಂದು ಕಾಲದಲ್ಲಿ ನಿಜವಾಗಿ ಇದ್ದವೇ ಆದ್ದರಿಂದ ಓದುವವರಿಗೆ ಸಂಶಯವೂ ಹುಟ್ಟುವುದಿಲ್ಲ, ಹಾಗೆಯೇ ಉತ್ತರಪತ್ರಿಕೆಗೆ ಹೋಗುತ್ತದೆ. ಹಾಗಾಗಿ ಕ್ಯಾಪ್ಷನ್ ನಿಮ್ಮ ಹತ್ತಿರ ಇರಲಿ, ಗುಂಪಿಗೆ ಹಾಕಬೇಡಿ.

ಎರಡರ ವೇಗದಲ್ಲಿ ಕೇಳಿ ಮುಗಿಸಬಹುದು ಎಂಬ ನಂಬಿಕೆಯೂ ಅರ್ಧ ಮಾತ್ರ ನಿಜ. 82 ನಿಮಿಷ 41 ಆಗುತ್ತದೆ ಎಂದು ಲೆಕ್ಕ ಹೇಳುತ್ತದೆ. ಆದರೆ “ಹದಿಮೂರರ ಎರಡು, ಮುನ್ನೂರ ಅರವತ್ತೆಂಟರ ಮೂರು” ಎಂಬಂಥ ಕಡೆ ಮತ್ತೆ ಮತ್ತೆ ಹಿಂದಕ್ಕೆ ಹೋಗಬೇಕಾಗಿ, ಉಳಿಸಿದ ಸಮಯ ಅಲ್ಲೇ ಕರಗುತ್ತದೆ. ಮೊದಲ ಸಲ 1.25ರ ವೇಗ ಸಾಕು, ಅರವತ್ತೈದು ನಿಮಿಷ ಚಿಲ್ಲರೆ. ಈ ಸಲ ನೋಟ್ಸ್ ಬರೆಯಬೇಡಿ. ಒಂದು ಹಾಳೆಯಲ್ಲಿ ನಕ್ಷೆ ಮಾತ್ರ ಮಾಡಿ: ಎಡಕ್ಕೆ ಸಮಯ, ಬಲಕ್ಕೆ ಅಲ್ಲಿ ಮೇಷ್ಟ್ರು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಎಂಬುದು. “ಗೋಲಕ್‌ನಾಥ್ ಪ್ರಕರಣ” ಎಂದು ವಿಷಯದ ಹೆಸರು ಬರೆದರೆ ಕೆಲಸಕ್ಕೆ ಬರುವುದಿಲ್ಲ, “ತಿದ್ದುಪಡಿಯೂ ಕಾನೂನೇ?” ಎಂದು ಪ್ರಶ್ನೆಯಾಗಿ ಬರೆಯಿರಿ. ಪ್ರಶ್ನೆಯಾಗಿ ಬರೆಯಲು ಬಾರದ ಭಾಗ ಬಹುತೇಕ ಬಿಡಬಹುದಾದದ್ದೇ.

ನಿಮ್ಮ ರೆಕಾರ್ಡಿಂಗಿನ ಮೊದಲರ್ಧದ ನಕ್ಷೆ ನನಗೆ ಬಂದದ್ದು ಹೀಗೆ:

00:00 ಸ್ವಾಗತ, ಪರಿಚಯ, ಮೈಕಿನ ಗಲಾಟೆ. ಬಿಡಿ.
07:30 ಕಾಸರಗೋಡಿನ ಎಡನೀರು ಮಠಾಧೀಶರು ಸುಪ್ರೀಂ ಕೋರ್ಟಿಗೆ ಹೋದದ್ದು ಯಾಕೆ? (ಕೇರಳದ ಭೂಸುಧಾರಣಾ ಕಾಯ್ದೆ)
15:00 ತಮ್ಮ ವಕೀಲಿಯ ದಿನಗಳ ನೆನಪು. ಬಿಡಿ.
21:40 ತಿದ್ದುಪಡಿಯೂ 13(2)ರ ‘ಕಾನೂನೇ’?
33:15 ಹದಿಮೂರು ಜನರಲ್ಲಿ ಬಹುಮತ ಆದದ್ದು ಹೇಗೆ?

ಉತ್ತರಾರ್ಧದಲ್ಲಿ 1975ರ ಇಂದಿರಾ ಗಾಂಧಿ–ರಾಜ್ ನಾರಾಯಣ್ ಪ್ರಕರಣ, 1980ರ ಮಿನರ್ವಾ ಮಿಲ್ಸ್, ಕೊನೆಗೆ ಪ್ರಶ್ನೋತ್ತರ. ಪ್ರಶ್ನೋತ್ತರವನ್ನು ನೀವು ಎರಡೂ ಆವೃತ್ತಿಯಲ್ಲಿ ಕೈಬಿಟ್ಟಿದ್ದೀರಿ. ಅಲ್ಲೇ ಮೇಷ್ಟ್ರು ತಾವು ಮೊದಲು ಗಡಿಬಿಡಿಯಲ್ಲಿ ಹೇಳಿದ ಒಂದು ವಿಷಯವನ್ನು ಸರಿಪಡಿಸಿದ್ದಾರೆ. ಬಹುಪಾಲು ಉಪನ್ಯಾಸಗಳಲ್ಲಿ ಇಂಥ ಸರಿಪಡಿಸುವ ಮಾತುಗಳು ಬರುವುದು ಈ ಕೊನೆಯ ಹತ್ತು ನಿಮಿಷದಲ್ಲೇ.

ನಕ್ಷೆ ಆದ ಮೇಲೆ ಎರಡನೇ ಸಲ ಕೇಳಬೇಕಾದ್ದು ಸುಮಾರು ಮೂವತ್ತೈದು ನಿಮಿಷದಷ್ಟು ಭಾಗ ಮಾತ್ರ, ಅದೂ ನಿಲ್ಲಿಸಿ ನಿಲ್ಲಿಸಿ. ಯೂಟ್ಯೂಬಿನಲ್ಲಿ J ಒತ್ತಿದರೆ ಹತ್ತು ಸೆಕೆಂಡ್ ಹಿಂದೆ, L ಒತ್ತಿದರೆ ಹತ್ತು ಸೆಕೆಂಡ್ ಮುಂದೆ, K ನಿಲ್ಲಿಸುತ್ತದೆ. ಎಡಗೈ ಇಲ್ಲಿ, ಬಲಗೈಯಲ್ಲಿ ಪೆನ್ನು, ಮೌಸ್ ಮುಟ್ಟುವ ಕೆಲಸವಿಲ್ಲ. ಫೈಲು ಇಳಿಸಿಕೊಂಡಿದ್ದರೆ ವಿಂಡೋಸಿನ ವಿಎಲ್‌ಸಿಯಲ್ಲಿ Shift ಹಿಡಿದು ಎಡ ಬಾಣ ಒತ್ತಿದರೆ ಮೂರು ಸೆಕೆಂಡ್ ಹಿಂದೆ ಹೋಗುತ್ತದೆ, ಒಂದೇ ಪದ ಮತ್ತೆ ಕೇಳಲು ಇದೇ ಚೆನ್ನ.

ಈಗ 21:40ರ ಭಾಗವನ್ನೇ ತೆಗೆದುಕೊಳ್ಳೋಣ. ಮೇಷ್ಟ್ರು ಹೇಳಿದ್ದು:

“ನೋಡಿ, ಗೋಲಕ್‌ನಾಥ್ ಬರೋ ತನಕ ಏನಾಗಿತ್ತು? ಶಂಕರಿ ಪ್ರಸಾದ್ ಆಯ್ತು, ಸಜ್ಜನ್ ಸಿಂಗ್ ಆಯ್ತು. ಎರಡ್ರಲ್ಲೂ ಕೋರ್ಟು ಏನು ಹೇಳ್ತು, ಪಾರ್ಲಿಮೆಂಟು ಫಂಡಮೆಂಟಲ್ ರೈಟ್ಸನ್ನೂ ತಿದ್ದಬಹುದು ಅಂತ. ಈಗ ಇಲ್ಲಿ ಇದೆಯಲ್ಲ, ಇದು, ಇದರಲ್ಲಿ ಅದು ಸೇರಲ್ಲ ಅಂತ. ಗೊತ್ತಾಯ್ತಾ? ಗೋಲಕ್‌ನಾಥಲ್ಲಿ ಏನಾಯ್ತು, ಹನ್ನೊಂದು ಜನ ಜಡ್ಜು, ಆರು–ಐದು, ಪೂರ್ತಿ ಉಲ್ಟಾ. ಅಮೆಂಡ್‌ಮೆಂಟೂ ಲಾನೇ ಅಂದ್ರು. ಆದ್ರೆ ಹಳೇದಕ್ಕೆಲ್ಲ ಕೈ ಹಾಕ್ಲಿಲ್ಲ, ಇನ್ಮೇಲಿಂದ ಅಂದ್ರು. ಸರ್ಕಾರ ಸುಮ್ನಿರತ್ತಾ? ಇಪ್ಪತ್ತೈದನೇ ತಿದ್ದುಪಡಿ ತಂದು ಹದಿಮೂರಕ್ಕೆ ಒಂದು ಸಬ್‌ಕ್ಲಾಸು ಸೇರಿಸ್ತು. ಅದನ್ನ ಕೇಶವಾನಂದದಲ್ಲಿ ಒಪ್ಕೊಂಡ್ರು, ಆದ್ರೆ…”

ಇಲ್ಲಿ ಮೂರು ಕಡೆ ಎಡವುವ ಜಾಗ ಇದೆ.

ಮೊದಲನೆಯದು “ಇಲ್ಲಿ ಇದೆಯಲ್ಲ, ಇದು, ಇದರಲ್ಲಿ ಅದು ಸೇರಲ್ಲ”. ಮೇಷ್ಟ್ರು ಪರದೆಯ ಮೇಲಿನ 13(2)ನೇ ವಿಧಿಯ ‘ಕಾನೂನು’ ಎಂಬ ಪದಕ್ಕೆ ಬೆರಳು ತೋರಿಸುತ್ತಿದ್ದಾರೆ. ಇಡೀ ಜಗಳದ ಕೀಲು ಇದೇ, ಕ್ಯಾಪ್ಷನ್ನಿನಲ್ಲಿ ಮಾತ್ರ ಇದರ ಸುಳಿವೂ ಇಲ್ಲ. ನಿಮ್ಮ 14 ಪುಟದಲ್ಲೂ “ಇದರಲ್ಲಿ ಅದು ಸೇರುವುದಿಲ್ಲ” ಎಂದೇ ಬಿದ್ದಿದೆ. ‘ಇದು’, ‘ಇಲ್ಲಿ’, ‘ಮೇಲಿನದು’ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ನಿಲ್ಲಿಸಿ ಪರದೆ ನೋಡಿ. ಆಡಿಯೊ ಮಾತ್ರ ಕೇಳಿ ನೋಟ್ಸ್ ಮಾಡುವವರಿಗೆ ಕೈಕೊಡುವುದು ಇಂಥ ಜಾಗವೇ. ಸ್ಲೈಡ್ ಬದಲಾದಾಗ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಮತ್ತೆ ಹುಡುಕುವುದು ತಪ್ಪುತ್ತದೆ.

ಎರಡನೆಯದು “ಇಪ್ಪತ್ತೈದನೇ ತಿದ್ದುಪಡಿ”. ಬಾಯಿ ತಪ್ಪಿದ ಮಾತು. 13ಕ್ಕೆ (4)ನೇ ಉಪವಿಧಿ ಸೇರಿಸಿದ್ದು 1971ರ 24ನೇ ತಿದ್ದುಪಡಿ. 25ನೆಯದು ಆಸ್ತಿ ಹಕ್ಕಿಗೆ ಸಂಬಂಧಿಸಿದ್ದು, 31ಸಿ ತಂದದ್ದು. ಒಂದರ ಹಿಂದೆ ಒಂದು ಬಂದವಾದ್ದರಿಂದ ಮಾತಿನ ಓಟದಲ್ಲಿ ಯಾರಿಗೂ ಹೀಗಾಗುತ್ತದೆ. ನಿಮ್ಮ ಒಂದು ಪುಟದಲ್ಲಿ 24 ಎಂದು ಸರಿಯಾಗಿದೆ, 14 ಪುಟದಲ್ಲಿ 25 ಎಂದಿದೆ. ಎರಡನ್ನೂ ನೋಡಿದ ಗೆಳೆಯರಿಗೆ ಯಾವುದು ನಿಜ ಎಂದು ತಿಳಿಯುವುದು ಹೇಗೆ? ಇಂಥ ಕಡೆ ಸುಮ್ಮನೆ ತಿದ್ದುವುದೂ ಬೇಡ, ಸುಮ್ಮನೆ ಇಳಿಸಿಕೊಳ್ಳುವುದೂ ಬೇಡ. ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ “ತರಗತಿಯಲ್ಲಿ 25 ಎಂದು ಕೇಳಿಸುತ್ತದೆ, 13(4)ರ ಅಡಿಟಿಪ್ಪಣಿ ನೋಡಿ” ಎಂದು ಹಾಕಿ. ಸಂವಿಧಾನದ ಪುಸ್ತಕದಲ್ಲಿ ಪ್ರತಿ ಸೇರ್ಪಡೆಗೂ ಯಾವ ತಿದ್ದುಪಡಿಯಿಂದ ಬಂತು ಎಂದು ಅಡಿಟಿಪ್ಪಣಿ ಇರುತ್ತದೆ, ಪರಿಶೀಲನೆ ಅರ್ಧ ನಿಮಿಷದ ಕೆಲಸ. ಸಾಧ್ಯವಾದರೆ ಮೇಷ್ಟ್ರಿಗೂ “ಸರ್, 23ನೇ ನಿಮಿಷದ ಹತ್ತಿರ 25 ಎಂದು ಕೇಳಿಸುತ್ತಿದೆ, 24 ತಾನೇ?” ಎಂದು ಒಂದು ಸಾಲು ಕಳಿಸಿ. ಬೇಸರ ಪಡುವವರು ಕಡಿಮೆ.

ಪುಸ್ತಕ ತೆರೆದು ತೀರ್ಮಾನಿಸಬಹುದಾದ ಸಂಗತಿಗೆ ಮಾತ್ರ ಈ ಕ್ರಮ. 33:15ರಲ್ಲಿ ಬರುವ 7:6ರ ಲೆಕ್ಕ ಹಾಗಲ್ಲ. ಆರು ನ್ಯಾಯಮೂರ್ತಿಗಳು ಮಿತಿ ಇದೆ ಎಂದರು, ಆರು ಮಂದಿ ಇಲ್ಲ ಎಂದರು, ನ್ಯಾ. ಎಚ್.ಆರ್. ಖನ್ನಾ ಅವರ ತೀರ್ಪಿನಿಂದ ತಕ್ಕಡಿ ವಾಲಿತು. ಅದನ್ನು ಹೇಗೆ ಓದಬೇಕು ಎಂಬುದರಲ್ಲಿ ವಿದ್ವಾಂಸರಲ್ಲೇ ಭಿನ್ನಮತವಿದೆ, ಮೇಷ್ಟ್ರು ಹೇಳಿದ್ದು ಅದರಲ್ಲಿ ಒಂದು ಓದು. ಅಲ್ಲಿ “ಉಪನ್ಯಾಸಕರ ಅಭಿಪ್ರಾಯ” ಎಂದು ಗುರುತು ಹಾಕಿದರೆ ಸಾಕು. ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಅದು ಈ ನೋಟ್ಸಿಗೆ ಬರಬೇಕಾಗಿಲ್ಲ.

ಮೂರನೆಯ ಜಾಗ ಕೊನೆಯ “ಆದ್ರೆ…”. ಸಂಕ್ಷೇಪಿಸುವಾಗ ಕೈಯಿಂದ ಮೊದಲು ಉದುರುವುದು ಆದರೆ, ಆದ್ದರಿಂದ, ಮಾತ್ರ ಎಂಬ ಪುಟ್ಟ ಪದಗಳು. ಈ ಉಪನ್ಯಾಸದಲ್ಲಿ ಅವು ಉದುರಿದರೆ ಅರ್ಥವೇ ತಿರುಗಿಬೀಳುತ್ತದೆ. ಕೇಶವಾನಂದ ತೀರ್ಪು ಗೋಲಕ್‌ನಾಥನ್ನು ಎತ್ತಿ ಹಿಡಿಯಿತು ಎಂದು ಬರೆಯುವ ವಿದ್ಯಾರ್ಥಿಗಳು ಕಡಿಮೆಯಿಲ್ಲ. ವಾಸ್ತವದಲ್ಲಿ ಅದು ಗೋಲಕ್‌ನಾಥನ್ನು ತಳ್ಳಿಹಾಕಿ, 24ನೇ ತಿದ್ದುಪಡಿಯನ್ನು ಒಪ್ಪಿ, ಆದರೆ ಮೂಲ ಸಂರಚನೆ ಎಂಬ ಹೊಸ ಗೆರೆ ಎಳೆಯಿತು. “ಗೋಲಕ್‌ನಾಥ್: ತಿದ್ದುವಂತಿಲ್ಲ. ಕೇಶವಾನಂದ: ಮೂಲ ಸಂರಚನೆ ತಿದ್ದುವಂತಿಲ್ಲ” ಎಂದು ಎರಡೇ ಸಾಲು ಕೊಟ್ಟರೆ ಎರಡೂ ಒಂದೇ ದಾರಿಯಲ್ಲಿ ನಡೆದ ಹಾಗೆ ಕಾಣುತ್ತದೆ.

ಬರೆಯುವಾಗ ರೆಕಾರ್ಡಿಂಗ್ ಮುಚ್ಚಿ. ನಕ್ಷೆ ಮತ್ತು ಎರಡನೇ ಸಲದ ಗುರುತುಗಳು ಮುಂದಿದ್ದರೆ ಸಾಕು. ತೆರೆದಿಟ್ಟುಕೊಂಡು ಬರೆದರೆ ಮಾತಿನ ಕ್ರಮವೇ ಬರವಣಿಗೆಯ ಕ್ರಮವಾಗುತ್ತದೆ. ಮೇಷ್ಟ್ರು ಉತ್ತರ ಹೇಳಿ ಆಮೇಲೆ ಪ್ರಶ್ನೆಗೆ ಬರಬಹುದು, ನೋಟ್ಸಿನಲ್ಲಿ ಪ್ರಶ್ನೆ ಮೊದಲಿರಬೇಕು. ಆ ಎರಡು ನಿಮಿಷ ಕೊನೆಗೆ ಹೀಗಾಗುತ್ತದೆ:

ಪ್ರಶ್ನೆ [21:40]: ಮೂಲಭೂತ ಹಕ್ಕುಗಳನ್ನು ಕಸಿಯುವ ‘ಕಾನೂನು’ ಮಾಡುವಂತಿಲ್ಲ ಎನ್ನುತ್ತದೆ 13(2)ನೇ ವಿಧಿ. ಸಂವಿಧಾನ ತಿದ್ದುಪಡಿಯೂ ಈ ‘ಕಾನೂನಿನಲ್ಲಿ’ ಸೇರುತ್ತದೆಯೇ?

ಇಲ್ಲ: ಶಂಕರಿ ಪ್ರಸಾದ್ (1951), ಸಜ್ಜನ್ ಸಿಂಗ್ (1965). ಆದ್ದರಿಂದ ಹಕ್ಕುಗಳನ್ನೂ ತಿದ್ದಬಹುದು.

ಹೌದು: ಗೋಲಕ್‌ನಾಥ್ (1967, 11 ನ್ಯಾಯಮೂರ್ತಿಗಳು, 6:5). ಆದ್ದರಿಂದ ಹಕ್ಕು ಕಸಿಯುವ ತಿದ್ದುಪಡಿ ಸಲ್ಲದು. ಆದರೆ ಇದು ಮುಂದಿನ ತಿದ್ದುಪಡಿಗಳಿಗೆ ಮಾತ್ರ, ಹಳೆಯವು ಉಳಿದವು.

ಸಂಸತ್ತಿನ ಉತ್ತರ: 24ನೇ ತಿದ್ದುಪಡಿ (1971). 13(4) ಸೇರ್ಪಡೆ: 368ರಡಿ ಮಾಡಿದ ತಿದ್ದುಪಡಿಗೆ 13ನೇ ವಿಧಿ ಅನ್ವಯಿಸದು. (ತರಗತಿಯಲ್ಲಿ 25 ಎಂದು ಕೇಳಿಸುತ್ತದೆ; 13(4)ರ ಅಡಿಟಿಪ್ಪಣಿ ನೋಡಿ.)

ಕೇಶವಾನಂದ ಭಾರತಿ (24 ಏಪ್ರಿಲ್ 1973, 13 ನ್ಯಾಯಮೂರ್ತಿಗಳು, 7:6, AIR 1973 SC 1461): 24ನೇ ತಿದ್ದುಪಡಿ ಸಿಂಧು, ಗೋಲಕ್‌ನಾಥ್ ತೀರ್ಪು ರದ್ದು. ಆದರೆ ತಿದ್ದುವ ಅಧಿಕಾರದಿಂದ ಸಂವಿಧಾನದ ಮೂಲ ಸಂರಚನೆಯನ್ನು ಬದಲಿಸುವಂತಿಲ್ಲ.

ನಿಮ್ಮ ಒಂದು ಸಾಲಿಗಿಂತ ಇದು ಉದ್ದ, ನಿಮ್ಮ 14 ಪುಟದಲ್ಲಿ ಇದೇ ಭಾಗ ಹಿಡಿದ ಒಂದೂವರೆ ಪುಟಕ್ಕಿಂತ ಬಹಳ ಚಿಕ್ಕದು. ತರಗತಿಗೆ ಬರದವರೂ ಇದನ್ನು ಓದಿ ಯಾರು ಯಾರಿಗೆ ಉತ್ತರ ಕೊಟ್ಟರು ಎಂದು ಹೇಳಬಲ್ಲರು. ಇಡೀ ಉಪನ್ಯಾಸದಲ್ಲಿ ಹೀಗೆ ಐದಾರು ತುಂಡು ಬರುತ್ತವೆ. ಮೊದಲ ಸಲ ಕೇಳುವುದರಿಂದ ಹಿಡಿದು ಪರಿಶೀಲನೆಯವರೆಗೆ ಮೂರರಿಂದ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಅದಕ್ಕಿಂತ ಬೇಗ ಮುಗಿದಿದ್ದರೆ ಸಾಮಾನ್ಯವಾಗಿ ಪರಿಶೀಲನೆಯೇ ತಪ್ಪಿರುತ್ತದೆ. ಪ್ರಕರಣದ ಹೆಸರು, ಇಸವಿ, ಪೀಠದ ಸಂಖ್ಯೆ, ವಿಧಿಯ ಅಕ್ಷರ, ಈ ನಾಲ್ಕನ್ನು ಮಾತ್ರ ಪುಸ್ತಕಕ್ಕೆ ಹಿಡಿದು ನೋಡಿ. ಕೇಳಿಸದ ಪದವಿದ್ದರೆ ಊಹೆ ಬೇಡ, “ಸ್ಪಷ್ಟವಿಲ್ಲ, 58:20” ಎಂದು ಬಿಡಿ.

ಚೌಕ ಕಂಸದ ಆ ಸಮಯದಲ್ಲೇ “ಏನೂ ಬಿಟ್ಟುಹೋಗಬಾರದು” ಎಂಬ ನಿಮ್ಮ ಚಿಂತೆಗೆ ಉತ್ತರವಿದೆ. ನೋಟ್ಸಿನಲ್ಲಿ ಬಿಟ್ಟದ್ದು ರೆಕಾರ್ಡಿಂಗಿನಲ್ಲಿ ಇದ್ದೇ ಇದೆ, ದಾರಿ ತೋರಿಸಿದರಾಯಿತು. ಯೂಟ್ಯೂಬ್ ಲಿಂಕಿನ ಕೊನೆಗೆ ಸೆಕೆಂಡ್ ಸೇರಿಸಿದರೆ ನೇರ ಅಲ್ಲಿಗೇ ತೆರೆಯುತ್ತದೆ. 21:40 ಎಂದರೆ 1300 ಸೆಕೆಂಡ್:

```
https://youtu.be/VIDEO_ID?t=1300
```

ಲಿಂಕಿನಲ್ಲಿ ಮೊದಲೇ ಪ್ರಶ್ನಾರ್ಥಕ ಚಿಹ್ನೆ ಇದ್ದರೆ `?t=` ಬದಲು `&t=` ಹಾಕಬೇಕು, ಇಲ್ಲವಾದರೆ ವಿಡಿಯೊ ಮೊದಲಿಂದ ಶುರುವಾಗಬಹುದು. ರೆಕಾರ್ಡಿಂಗ್ ಸಂಘಟಕರ ಖಾಸಗಿ ಡ್ರೈವಿನಲ್ಲಿದ್ದು ಗೆಳೆಯರಿಗೆ ತೆರೆಯದಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ಆಗ ನೋಟ್ಸ್ ತಾನೇ ಪೂರ್ತಿ ನಿಲ್ಲಬೇಕಾಗಿ ಬಂದು ಒಂದು ಪುಟ ಹೆಚ್ಚಾಗುತ್ತದೆ, ಆಗಲಿ.

ಮೂವರು ಗೆಳತಿಯರು ವಿಡಿಯೊವನ್ನು ಮೂರು ಭಾಗ ಮಾಡಿಕೊಂಡು ಹಂಚಿ ಬರೆಯುವ ಯೋಚನೆ ಬರಬಹುದು. ಸಮಯ ಉಳಿಯುತ್ತದೆ ನಿಜ, ಆದರೆ 1980ರ ಮಿನರ್ವಾ ಮಿಲ್ಸ್ ಭಾಗ ಬರೆಯುವವರಿಗೆ 21:40ರಲ್ಲಿ ಏನಾಯಿತು ಎಂದು ಗೊತ್ತಿರುವುದಿಲ್ಲ. 42ನೇ ತಿದ್ದುಪಡಿ 368ಕ್ಕೆ (4), (5) ಸೇರಿಸಿದ್ದು ಯಾವ ತೀರ್ಪಿಗೆ ಉತ್ತರವಾಗಿ ಎಂಬ ಕೊಂಡಿ ಅಲ್ಲೇ ಕಳಚುತ್ತದೆ. ಹಂಚಿಕೊಳ್ಳುವುದಾದರೆ ಒಬ್ಬರು ಪೂರ್ತಿ ಕೇಳಿ ಬರೆಯಲಿ, ಇನ್ನೊಬ್ಬರು ಪುಸ್ತಕ ಹಿಡಿದು ಪರಿಶೀಲಿಸಲಿ. ಮೂರನೆಯವರು ತರಗತಿಗೆ ಬಾರದೇ ಇದ್ದವರಾಗಿದ್ದರೆ ಬಹಳ ಒಳ್ಳೆಯದು. ಗುಂಪಿಗೆ ಹಾಕುವ ಮುನ್ನ ಅವರಿಗೆ ಕೊಟ್ಟು, “ಕೇಶವಾನಂದ ತೀರ್ಪು ಗೋಲಕ್‌ನಾಥನ್ನು ಒಪ್ಪಿತೇ?” ಎಂದು ಒಂದೇ ಪ್ರಶ್ನೆ ಕೇಳಿ. ತಡವರಿಸಿದರೆ ತಪ್ಪು ಓದಿದವರದ್ದಲ್ಲ, ಆ ಪ್ಯಾರಾ ಮತ್ತೆ ಬರೆಯಿರಿ.

ಹಂಚುವ ಮುನ್ನ ಮೇಷ್ಟ್ರ ಒಪ್ಪಿಗೆ ಕೇಳುವುದು ಒಳ್ಳೆಯದು, ವಿಡಿಯೊವನ್ನೇ ಕತ್ತರಿಸಿ ಹಂಚುವುದಾದರೆ ಕೇಳಲೇಬೇಕು. ಪ್ರಶ್ನೋತ್ತರದಲ್ಲಿ ಕೇಳಿದ ವಿದ್ಯಾರ್ಥಿಗಳ ಹೆಸರು ಬೇಡ, “ಒಂದು ಪ್ರಶ್ನೆ” ಸಾಕು. ಚಾಟಿನಲ್ಲಿ ಬಂದ ಫೋನ್ ನಂಬರುಗಳಿರುವ ಸ್ಕ್ರೀನ್‌ಶಾಟ್ ಅಂತೂ ಒಳಗೆ ಬರಕೂಡದು.

ಕೊನೆಗೆ ಕಳಿಸುವ ರೂಪ. ಓದುವವರಲ್ಲಿ ಹೆಚ್ಚಿನವರು ಫೋನಿನಲ್ಲೇ ಓದುತ್ತಾರೆ. ನಿಮ್ಮ ಎರಡನೇ ಫೈಲು ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದೆ. ಅದನ್ನು ವರ್ಡ್ ಫೈಲಾಗಿಯೇ ಕಳಿಸಿದ್ದರಿಂದ, ಆ ಫಾಂಟಿಲ್ಲದ ಫೋನುಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಂಡಿರುತ್ತದೆ. ಅರ್ಥವಾಗಲಿಲ್ಲ ಎಂದವರಲ್ಲಿ ಕೆಲವರ ತೊಂದರೆ ಇಷ್ಟೇ ಇರಬಹುದು, ಕೇಳಿ ನೋಡಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ನಿಮ್ಮ ಫೋನಿನಲ್ಲಿ ಒಮ್ಮೆ ತೆರೆದು ಒತ್ತಕ್ಷರ ಸರಿಯಾಗಿ ಕೂತಿವೆಯೇ ನೋಡಿ ಕಳಿಸಿ. ಫೈಲಿನ ಹೆಸರಿನಲ್ಲೇ ದಿನಾಂಕ ಇರಲಿ. ವಾಟ್ಸಾಪಿನಲ್ಲಿ ನೀವು ಹಳೆಯದನ್ನು ಅಳಿಸಿದರೂ ಈಗಾಗಲೇ ಫಾರ್ವರ್ಡ್ ಆದ ಪ್ರತಿ ಹಾಗೇ ಓಡಾಡುತ್ತಿರುತ್ತದೆ. ಆದ್ದರಿಂದ ತಿದ್ದಿದ ಪ್ರತಿ ಹಾಕುವಾಗ “ಪುಟ 2, 25 ಅಲ್ಲ 24” ಎಂದು ಬದಲಾದದ್ದನ್ನು ಸಂದೇಶದಲ್ಲೇ ಬರೆಯಿರಿ. ಹಳೆಯ ಪ್ರತಿ ಇಟ್ಟುಕೊಂಡವರು ಪೆನ್ನಿನಲ್ಲಿ ತಿದ್ದಿಕೊಳ್ಳುತ್ತಾರೆ.